ಸ್ಕೇಲಿನಿಂದ ಅಳೆದ ಮಧ್ಯಾಂಕ

ನೂರು ಅಂಕದ ಗಣಿತ ಪರೀಕ್ಷೆಯ ಹಿಸ್ಟೋಗ್ರಾಮ್ ಒಂದು ಕೈಗೆ ಬಂದಿದೆ ಎನ್ನಿ. ಹತ್ತು ಅಂಕಕ್ಕೊಂದರಂತೆ ಹತ್ತು ಕಂಬಗಳು. ಯಾವ ಕಂಬದಲ್ಲಿ ಎಷ್ಟು ಮಕ್ಕಳು ಎಂದು ಮಾತ್ರ ಎಲ್ಲೂ ಬರೆದಿಲ್ಲ. ಮಗಳಿಗೆ 48 ಬಂದಿದೆ. ಅವಳು ಮೇಲಿನ ಅರ್ಧದವಳೋ, ಕೆಳಗಿನ ಅರ್ಧದವಳೋ?

ಮಕ್ಕಳ ಸಂಖ್ಯೆ ಇದಕ್ಕೆ ಬೇಕೇ ಇಲ್ಲ, ಕಂಬಗಳ ಪ್ರಮಾಣ ತಿಳಿದರೆ ಸಾಕು. ಸ್ಕೇಲು ಹಿಡಿದು ಮಿಲಿಮೀಟರಿನಲ್ಲಿ ಅಳೆಯಿರಿ. ನಮ್ಮ ಚಿತ್ರದಲ್ಲಿ ಎಡದಿಂದ ಸಿಕ್ಕಿದ ಎತ್ತರಗಳು: 2, 4, 9, 20, 28, 22, 14, 8, 4, 1. ಒಟ್ಟು 112, ಅದರ ಅರ್ಧ 56. ಮೊದಲ ನಾಲ್ಕು ಕಂಬ ಕೂಡಿದರೆ 35, ಐದನೆಯದೂ ಸೇರಿದರೆ 63. ಹಾಗಾದರೆ ಮಧ್ಯಾಂಕ ಇರುವುದು ಐದನೇ ಕಂಬದಲ್ಲಿ, ಅಂದರೆ 40 ಮತ್ತು 50ರ ನಡುವೆ. ಆ ಕಂಬದ 28ರಲ್ಲಿ ನಮಗೆ ಇನ್ನೂ ಬೇಕಾದದ್ದು 21, ಅಂದರೆ ಮುಕ್ಕಾಲು ಭಾಗ. ಹತ್ತು ಅಂಕದ ಮುಕ್ಕಾಲು ಏಳೂವರೆ, ಮಧ್ಯಾಂಕ 47.5. ಹತ್ತನೇ ತರಗತಿಯ ಪುಸ್ತಕದ ಸೂತ್ರವೂ ಇದನ್ನೇ ಮಾಡುತ್ತದೆ, ಅಲ್ಲಿ ಮಿಲಿಮೀಟರಿನ ಬದಲು ಆವೃತ್ತಿ ಇರುತ್ತದೆ, ಅಷ್ಟೆ.

ಪರ್ಸೆಂಟೈಲಿಗೂ ದಾರಿ ಇದೇ. 90ನೆಯದು ಬೇಕಾದರೆ 112ರ ಶೇ. 90, ಅಂದರೆ 100.8ರವರೆಗೆ ಹೋಗಬೇಕು. ಏಳು ಕಂಬಕ್ಕೆ 99 ಆಯಿತು, ಎಂಟನೆಯ ಕಂಬದ 8ರಲ್ಲಿ 1.8 ಬೇಕು. ಉತ್ತರ ಸುಮಾರು 72.

ಬಾಲದ ಕಡೆ ಹೋದಷ್ಟೂ ಸ್ಕೇಲು ಕೈಕೊಡುತ್ತದೆ. 99ನೇ ಪರ್ಸೆಂಟೈಲ್ ಹೀಗೇ ಲೆಕ್ಕ ಹಾಕಿದರೆ 90ರ ಹತ್ತಿರ ಬರುತ್ತದೆ. ಆದರೆ ಕೊನೆಯ ಪುಟ್ಟ ಕಂಬವನ್ನು 1ರ ಬದಲು 2 ಎಂದು ಓದಿದಿರೋ, ಅದು 94 ದಾಟುತ್ತದೆ. ಅದೇ ತಪ್ಪಿಗೆ ಮಧ್ಯಾಂಕ ಕಾಲು ಅಂಕವೂ ಅಲುಗದು. ಅಳೆಯುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ಕಂಬಗಳು ಸೊನ್ನೆಯಿಂದಲೇ ಎದ್ದಿರಬೇಕು. ಬುಡ ಕತ್ತರಿಸಿದ ಚಿತ್ರದಲ್ಲಿ ಎತ್ತರಗಳ ಪ್ರಮಾಣವೇ ಕೆಡುತ್ತದೆ. ಕಂಬಗಳ ಅಗಲ ಬೇರೆಬೇರೆಯಾಗಿದ್ದರೆ, ಸರಿಯಾಗಿ ಬರೆದ ಹಿಸ್ಟೋಗ್ರಾಮಿನಲ್ಲಿ ಎತ್ತರವನ್ನಲ್ಲ, ವಿಸ್ತೀರ್ಣವನ್ನು ಕೂಡಬೇಕು.

ಇನ್ನೊಂದು ತೊಡಕು ಕಂಬದ ಒಳಗೇ ಅಡಗಿದೆ. ಮಕ್ಕಳು ಕಂಬದೊಳಗೆ ಸಮನಾಗಿ ಹರಡಿದ್ದಾರೆ ಎಂದುಕೊಂಡೇ ನಾವು ಮುಕ್ಕಾಲು ಎಂದದ್ದು. ಪಾಸಿಗೆ 35 ಬೇಕಾದಲ್ಲಿ 33, 34 ಬಂದವರನ್ನು ಒಂದೆರಡು ಅಂಕ ಕೊಟ್ಟು ದಡ ಸೇರಿಸುವುದು ಯಾವ ಮೇಷ್ಟರಿಗೆ ಗೊತ್ತಿಲ್ಲ! ಆಗ 30–40ರ ಕಂಬದಲ್ಲಿ 35ರ ಮೇಲೆ ದೊಡ್ಡ ಗುಂಪೇ ಕೂತಿರುತ್ತದೆ. 25ನೇ ಪರ್ಸೆಂಟೈಲ್ 36.5 ಎಂದು ನಮ್ಮ ಲೆಕ್ಕ ಹೇಳಿದರೂ, ನಿಜದಲ್ಲಿ ಅದು ಸರಿಯಾಗಿ 35 ಇರಬಹುದು. ಚಿತ್ರ ನೋಡಿ ಇದನ್ನು ಪತ್ತೆಹಚ್ಚಲಾಗದು.

ಇನ್ನು ಮಗಳ 48. ಲೆಕ್ಕದ ಪ್ರಕಾರ ಅವಳು ಮಧ್ಯಾಂಕಕ್ಕಿಂತ ಅರ್ಧ ಅಂಕ ಮೇಲೆ. ಆದರೆ ಇಬ್ಬರೂ ಇರುವುದು ಒಂದೇ ಕಂಬದಲ್ಲಿ, ಆದ್ದರಿಂದ ಆ ಅರ್ಧ ಅಂಕವನ್ನು ನಂಬುವಂತಿಲ್ಲ. ಅಳತೆ ಸರಿಯಿದ್ದರೆ ಧೈರ್ಯವಾಗಿ ಹೇಳಬಹುದಾದದ್ದು ಇಷ್ಟು: ಕನಿಷ್ಠ ಶೇ. 31 ಮಕ್ಕಳು ಅವಳಿಗಿಂತ ಕೆಳಗಿದ್ದಾರೆ, ಕನಿಷ್ಠ ಶೇ. 43 ಮಕ್ಕಳು ಮೇಲಿದ್ದಾರೆ.