ಸದಾ ಕಡಿಮೆ ಹೇಳಿದರೂ ಸತ್ಯವನ್ನು ಮುಟ್ಟುವ ಅಂದಾಜು

ನಮ್ಮ ಮನೆಯ ಉರ್ದುವಿನಲ್ಲಿ 'ಅಂದಾಜಾ', ಕನ್ನಡದಲ್ಲಿ 'ಅಂದಾಜು'. ಎರಡೂ ಒಂದೇ ಪದ, ಪಾರ್ಸಿಯಿಂದ ಬಂದದ್ದು. ಸಂಖ್ಯಾಶಾಸ್ತ್ರದಲ್ಲಿ ಅಂದಾಜು ಮಾಡುವ ಸೂತ್ರಕ್ಕೆ ಎಸ್ಟಿಮೇಟರ್ ಎನ್ನುತ್ತಾರೆ. ಅದಕ್ಕೆ ಇರಬೇಕಾದ ಗುಣಗಳಲ್ಲಿ ಎರಡು ನಮ್ಮ ಕಾಮರ್ಸ್ ತರಗತಿಯಲ್ಲಿ ಹೆಚ್ಚು ಗೊಂದಲಕ್ಕೆ ಕಾರಣವಾಗುತ್ತವೆ. ಒಂದು ಅನ್‌ಬಯಾಸ್ಡ್, ಇನ್ನೊಂದು ಕನ್ಸಿಸ್ಟೆಂಟ್. ಹಲವರು ಇವೆರಡೂ ಒಂದೇ ಎಂದುಕೊಂಡಿದ್ದಾರೆ. ಒಂದೇ ಅಲ್ಲ ಎಂಬುದನ್ನು ನಮಗೆಲ್ಲ ಗೊತ್ತಿರುವ ಬಸ್ಸಿನ ಲೆಕ್ಕದಿಂದಲೇ ತೋರಿಸುತ್ತೇನೆ.

ಮಣಿಪಾಲದ ಟೈಗರ್ ಸರ್ಕಲ್‌ನಿಂದ ಉಡುಪಿ ಕಡೆಗೆ ಒಂದು ಬಸ್ಸು ಸರಿಯಾಗಿ ಇಂತಿಷ್ಟು ನಿಮಿಷಕ್ಕೊಮ್ಮೆ ಬರುತ್ತದೆ ಎಂದುಕೊಳ್ಳೋಣ. ಆ ಅಂತರ ನಿಜವಾಗಿ 12 ನಿಮಿಷ, ಆದರೆ ನಿಮಗೆ ಅದು ಗೊತ್ತಿಲ್ಲ. 12 ಎಂಬುದು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡ ಸಂಖ್ಯೆ. ನೀವು ಗಡಿಯಾರ ನೋಡದೆ ಯಾವಾಗಲೋ ಸ್ಟಾಪಿಗೆ ಹೋಗುತ್ತೀರಿ. ಹಾಗಾದರೆ ನೀವು ಕಾಯುವ ಸಮಯ 0 ಮತ್ತು 12 ನಿಮಿಷಗಳ ನಡುವೆ ಎಲ್ಲಿ ಬೇಕಾದರೂ ಇರಬಹುದು, ಎಲ್ಲ ಸಮಯಕ್ಕೂ ಸಮಾನ ಅವಕಾಶ. ಪ್ರತಿದಿನ ಎಷ್ಟು ಕಾದಿರಿ ಎಂದು ಬರೆದಿಡುತ್ತೀರಿ. ಇದರಿಂದ ಬಸ್ಸಿನ ಅಂತರವನ್ನು ಕಂಡುಹಿಡಿಯಬೇಕು.

ಎರಡು ದಾರಿಗಳಿವೆ. ಮೊದಲನೆಯದು ತೀರ ಸುಲಭ: ಮೊದಲ ದಿನ ಕಾದ ಸಮಯವನ್ನು ಎರಡರಿಂದ ಗುಣಿಸಿ. ಸರಾಸರಿಯಲ್ಲಿ ನೀವು 6 ನಿಮಿಷ ಕಾಯುತ್ತೀರಿ, ಅದರ ಎರಡರಷ್ಟು 12. ಅಂದರೆ ನಿಮ್ಮಂಥ ಸಾವಿರ ಜನ ಹೀಗೆ ಅಂದಾಜು ಮಾಡಿದರೆ, ಅವರ ಅಂದಾಜುಗಳ ಸರಾಸರಿ ಹೆಚ್ಚುಕಡಿಮೆ 12 ಆಗುತ್ತದೆ. ಅಂದಾಜುಗಳ ಸರಾಸರಿ ನಿಜವಾದ ಬೆಲೆಗೆ ಸಮನಾಗಿದ್ದರೆ ಅದೇ ಅನ್‌ಬಯಾಸ್ಡ್. ಹೆಚ್ಚು ಹೇಳುವ ಕಡೆಗೂ ಕಡಿಮೆ ಹೇಳುವ ಕಡೆಗೂ ಅದು ವಾಲುವುದಿಲ್ಲ.

ಆದರೆ ಆ ದಿನ ನೀವು ಒಂದೇ ನಿಮಿಷ ಕಾದಿದ್ದರೆ ನಿಮ್ಮ ಉತ್ತರ 2. ಆಮೇಲೆ ಒಂದು ವರ್ಷ ಕಾದು ಬರೆದಿಟ್ಟರೂ ಈ ಸೂತ್ರ ಮೊದಲ ದಿನವನ್ನು ಮಾತ್ರ ನೋಡುವುದರಿಂದ ಉತ್ತರ 2 ಆಗಿಯೇ ಉಳಿಯುತ್ತದೆ. ಮಾಹಿತಿ ಹೆಚ್ಚಿದಂತೆ ಅಂದಾಜು ಸತ್ಯದ ಹತ್ತಿರ ಬರುವ ಗುಣವೇ ಕನ್ಸಿಸ್ಟೆನ್ಸಿ. ಈ ಸೂತ್ರಕ್ಕೆ ಅದಿಲ್ಲ. ಹಾಗಾಗಿ ಇದು ಅನ್‌ಬಯಾಸ್ಡ್ ಹೌದು, ಕನ್ಸಿಸ್ಟೆಂಟ್ ಅಲ್ಲ.

ಎರಡನೆಯ ದಾರಿ: ಇಲ್ಲಿಯವರೆಗೆ ಕಾದದ್ದರಲ್ಲಿ ಅತಿ ಹೆಚ್ಚು ಎಷ್ಟೋ ಅದನ್ನೇ ಉತ್ತರ ಎನ್ನಿ. ಇದು ಎಂದೂ 12ನ್ನು ದಾಟಲಾರದು, ಏಕೆಂದರೆ ಯಾರೂ 12 ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ. ಕಡಿಮೆ ಹೇಳುತ್ತದೆಯೇ ಹೊರತು ಹೆಚ್ಚು ಹೇಳುವುದಿಲ್ಲ. ಆದ್ದರಿಂದ ಇದರ ಸರಾಸರಿ 12ಕ್ಕಿಂತ ಕೆಳಗೇ ಇರಬೇಕು. ಇದು ಬಯಾಸ್ಡ್.

ಎಷ್ಟು ಕೆಳಗೆ? 12 ನಿಮಿಷದ ಒಂದು ಗೆರೆ ಎಳೆದು ಅದರ ಮೇಲೆ ಕಾದ ಸಮಯಗಳನ್ನು ಚುಕ್ಕಿ ಇಡಿ. 3 ಚುಕ್ಕಿಗಳು ಗೆರೆಯನ್ನು 4 ತುಂಡು ಮಾಡುತ್ತವೆ, ಸರಾಸರಿಯಲ್ಲಿ ಒಂದೊಂದು ತುಂಡು 3 ನಿಮಿಷ. ಕೊನೆಯ ಚುಕ್ಕಿ 9ರಲ್ಲಿ ಬೀಳುತ್ತದೆ. 11 ದಿನವಾದರೆ 12 ತುಂಡು, ಕೊನೆಯ ಚುಕ್ಕಿ ಸರಾಸರಿ 11ರಲ್ಲಿ. 59 ದಿನವಾದರೆ 60 ತುಂಡು, ಕೊನೆಯ ಚುಕ್ಕಿ 11.8ರಲ್ಲಿ, ಅಂದರೆ ಬರೀ 12 ಸೆಕೆಂಡು ಕಡಿಮೆ. ವಾಲಿಕೆ ಎಂದೂ ಸೊನ್ನೆಯಾಗುವುದಿಲ್ಲ, ಆದರೆ ಸೊನ್ನೆಯ ಕಡೆಗೆ ಕುಗ್ಗುತ್ತಲೇ ಹೋಗುತ್ತದೆ.

ಸರಾಸರಿ ಹತ್ತಿರ ಬಂದರೆ ಸಾಲದು, ನಿಮ್ಮ ಕೈಯಲ್ಲಿರುವ ಒಂದು ಉತ್ತರವೂ ಹತ್ತಿರ ಬರಬೇಕು. ಅದನ್ನೂ ನೋಡೋಣ. ಉತ್ತರ 11 ನಿಮಿಷಕ್ಕಿಂತ ಕಡಿಮೆ ಬರಬೇಕಾದರೆ ಎಲ್ಲ ದಿನವೂ 11ಕ್ಕಿಂತ ಕಡಿಮೆಯೇ ಕಾದಿರಬೇಕು. ಒಂದು ದಿನಕ್ಕೆ ಆ ಅವಕಾಶ 11/12. ಮೂರು ದಿನಕ್ಕೆ ಅದನ್ನು ಮೂರು ಸಲ ಗುಣಿಸಿದರೆ ನೂರಕ್ಕೆ 77. ಹನ್ನೊಂದು ದಿನಕ್ಕೆ ನೂರಕ್ಕೆ 38. ಐವತ್ತೊಂಬತ್ತು ದಿನಕ್ಕೆ ಸಾವಿರಕ್ಕೆ ಸುಮಾರು 6. ಒಂದು ನಿಮಿಷದ ಬದಲು ಹತ್ತು ಸೆಕೆಂಡಿನ ತಪ್ಪನ್ನು ತೆಗೆದುಕೊಂಡರೂ ಹೀಗೆಯೇ, ದಿನಗಳು ಮಾತ್ರ ಹೆಚ್ಚು ಬೇಕು. ಕನ್ಸಿಸ್ಟೆಂಟ್ ಎಂದರೆ ನಿಖರವಾಗಿ ಇದೇ.

ಎಲ್ಲ ದಿನಗಳ ಸರಾಸರಿ ತೆಗೆದು ಎರಡರಿಂದ ಗುಣಿಸಿದರೆ ಎರಡೂ ಗುಣ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಹೌದು, ಸಿಗುತ್ತದೆ. ಆದರೂ 59 ದಿನಗಳ ನಂತರ ಆ ದಾರಿಯ ತಪ್ಪು ಸಾಮಾನ್ಯವಾಗಿ 54 ಸೆಕೆಂಡಿನಷ್ಟಿರುತ್ತದೆ. ಬಯಾಸ್ಡ್ ಎನಿಸಿಕೊಂಡ ಗರಿಷ್ಠದ ತಪ್ಪು 17 ಸೆಕೆಂಡಿನಷ್ಟು. ಇನ್ನೊಂದು ತಮಾಷೆ ನೋಡಿ: ಮೂರು ದಿನ 1, 2, 9 ನಿಮಿಷ ಕಾದಿರಿ. ಸರಾಸರಿ 4, ಎರಡರಷ್ಟು 8. ನೀವೇ 9 ನಿಮಿಷ ಕಾದಿರುವಾಗ ಬಸ್ಸಿನ ಅಂತರ 8 ಆಗುವುದು ಹೇಗೆ? ಅನ್‌ಬಯಾಸ್ಡ್ ಎಂಬ ಹೆಸರು ಇಂಥ ಅಸಾಧ್ಯ ಉತ್ತರವನ್ನು ತಡೆಯುವುದಿಲ್ಲ.

ಇಲ್ಲಿ ನಮ್ಮ ರಾಜ್ಯದ ಒಂದು ಹೆಸರು ಬರುತ್ತದೆ. 1920ರಲ್ಲಿ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರು 1945ರ ತಮ್ಮ ಪ್ರಬಂಧದಲ್ಲಿ ಒರಟಾದ ಅನ್‌ಬಯಾಸ್ಡ್ ಅಂದಾಜನ್ನು ಉತ್ತಮಪಡಿಸುವ ದಾರಿ ತೋರಿಸಿದರು. ಇಂದು ಅದನ್ನು ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ ಎನ್ನುತ್ತಾರೆ. 'ಮೊದಲ ದಿನದ ಎರಡರಷ್ಟು' ಎಂಬ ನಮ್ಮ ಒರಟು ಸೂತ್ರವನ್ನು ಅದರ ಮೂಲಕ ಹಾಯಿಸಿದರೆ ಸಿಗುವುದು ಇದು: ಗರಿಷ್ಠವನ್ನು (n+1)/n ರಿಂದ ಗುಣಿಸಿ. 3 ದಿನವಾದರೆ 4/3. ಗರಿಷ್ಠದ ಸರಾಸರಿ 9, ಅದರ 4/3 ಪಾಲು 12. ವಾಲಿಕೆಯೂ ಹೋಯಿತು, ಹತ್ತಿರ ಬರುವ ಗುಣವೂ ಉಳಿಯಿತು. ವಾಲಿಕೆ ಎಷ್ಟೆಂದು ಗೊತ್ತಿದ್ದರೆ ಅದನ್ನು ಸರಿಪಡಿಸಬಹುದು. ಮೊದಲ ದಿನವನ್ನೇ ಹಿಡಿದು ಕೂತ ಸೂತ್ರಕ್ಕೆ ಬೇರೆ ಯಾವ ಸಂಖ್ಯೆಯಿಂದ ಗುಣಿಸಿದರೂ ಕನ್ಸಿಸ್ಟೆನ್ಸಿ ಬರುವುದಿಲ್ಲ.

ಆದರೆ ಗರಿಷ್ಠದ ದಾರಿ ಎಲ್ಲ ಕಡೆ ನಡೆಯುವುದಿಲ್ಲ. ಒಂದು ದಿನ ಬಸ್ಸು ಕೆಟ್ಟು ನಿಂತು ನೀವು 25 ನಿಮಿಷ ಕಾದಿರಿ ಎನ್ನೋಣ. ಅಂದಿನಿಂದ ಉತ್ತರ 25, ಇನ್ನೆಂದೂ ಇಳಿಯುವುದಿಲ್ಲ. ಕಾಪು ಅಥವಾ ಕಾರ್ಕಳದಿಂದ ಬರುವವರಿಗೆ ಇನ್ನೊಂದು ತೊಂದರೆ. ಅವರು ದಿನಾ ಒಂದು ಬಸ್ಸಿನಿಂದ ಇಳಿದು ಅದೇ ಸಮಯಕ್ಕೆ ಮುಂದಿನ ಬಸ್ಸಿನ ಸ್ಟಾಪಿಗೆ ಬರುತ್ತಾರೆ. ದಿನಾ 3 ನಿಮಿಷವೇ ಕಾಯುತ್ತಿದ್ದರೆ ನೂರು ದಿನದ ಲೆಕ್ಕವೂ 3ರ ಸುತ್ತಲೇ ನಿಲ್ಲುತ್ತದೆ. ಮಾಹಿತಿ ಹೆಚ್ಚಿತು, ಸತ್ಯ ಹತ್ತಿರ ಬರಲಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ಬರೆದಿಟ್ಟ ಸಮಯಗಳನ್ನು ಸೊನ್ನೆಯಿಂದ ಗರಿಷ್ಠದವರೆಗೆ ನಾಲ್ಕು ಸಮಭಾಗ ಮಾಡಿ ಎಣಿಸಿ. 60 ದಿನಗಳಿದ್ದರೆ ಪ್ರತಿ ಭಾಗದಲ್ಲಿ 15ರ ಆಸುಪಾಸು ಇರಬೇಕು. ಕೊನೆಯ ಭಾಗದಲ್ಲಿ ಒಂದೇ ಒಂದು ಸಂಖ್ಯೆ ಇದ್ದರೆ ಅದು ಕೆಟ್ಟು ನಿಂತ ಬಸ್ಸಿನ ದಿನ. ಎಲ್ಲವೂ ಒಂದೇ ಭಾಗದಲ್ಲಿ ತುಂಬಿದ್ದರೆ ನೀವು ಸ್ಟಾಪಿಗೆ ಬರುವ ಸಮಯವೇ ಬಸ್ಸಿನ ಸಮಯಕ್ಕೆ ಕಟ್ಟಿಹೋಗಿದೆ.

ಪಠ್ಯದಲ್ಲಿ ವೇರಿಯನ್ಸ್ ಲೆಕ್ಕ ಹಾಕುವಾಗ n ರಿಂದ ಭಾಗಿಸಬೇಕೋ n−1 ರಿಂದಲೋ ಎಂಬ ಚರ್ಚೆಯೂ ಇದೇ ಜಾತಿಯದು. n ರಿಂದ ಭಾಗಿಸಿದರೆ ಸ್ಯಾಂಪಲ್ 10 ಇದ್ದಾಗ ಸರಾಸರಿಯಲ್ಲಿ ನಿಜದ 9/10 ಪಾಲು ಮಾತ್ರ ಸಿಗುತ್ತದೆ, 1000 ಇದ್ದಾಗ 999/1000 ಪಾಲು. ಅದೂ ಬಯಾಸ್ಡ್, ಅದೂ ಕನ್ಸಿಸ್ಟೆಂಟ್. ಪ್ರಶ್ನೆಪತ್ರಿಕೆಯಲ್ಲಿ ಯಾವ ಗುಣದ ಬಗ್ಗೆ ಕೇಳಿದ್ದಾರೆ ಎಂದು ಮೊದಲು ನೋಡಿ, ಆಮೇಲೆ ಉತ್ತರ ಬರೆಯಿರಿ.