ಸೆಂಟ್ರಿಂಗ್ ಕುಸಿದಾಗ ವಿಮಾ ಕಂಪನಿಗೆ ಏನು ಬರೆಯಬೇಕು?

ಎರಡನೇ ಮಹಡಿಯ ಛಾವಣಿಗೆ ಕಾಂಕ್ರೀಟ್ ಹಾಕುತ್ತಿದ್ದಾಗ ಒಂದು ಮೂಲೆಯ ಸೆಂಟ್ರಿಂಗ್ ಕುಸಿಯಿತು ಎಂದುಕೊಳ್ಳಿ. ಜನರೆಲ್ಲ ಸುರಕ್ಷಿತ ಎಂದು ಖಚಿತವಾದ ಮೇಲೆ, ಆಲ್ ರಿಸ್ಕ್ಸ್ ಪಾಲಿಸಿ ಇರುವ ಗುತ್ತಿಗೆದಾರ ಅಂದೇ ವಿಮಾ ಕಂಪನಿಗೆ ಫೋನ್ ಮಾಡಿ, ಇಮೇಲ್ ಕಳಿಸಬೇಕು. ಹಲವು ಪಾಲಿಸಿಗಳಲ್ಲಿ ಲಿಖಿತ ಸೂಚನೆಗೆ 14 ದಿನಗಳ ಗಡುವಿದೆ. ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ.

ಬರೆಯುವುದು ಹೀಗೆ: ‘ಬೆಳಿಗ್ಗೆ 11.20ಕ್ಕೆ, ಸುಮಾರು 18 ಘನ ಮೀಟರ್ ಕಾಂಕ್ರೀಟ್ ಸುರಿದ ನಂತರ, ಈಶಾನ್ಯ ಮೂಲೆಯ ಜಾಕ್‌ಗಳು ವಾಲಿ, ಹಸಿ ಕಾಂಕ್ರೀಟ್, ಕಬ್ಬಿಣ, ಪ್ಲೈವುಡ್ ಕೆಳಗೆ ಬಿದ್ದಿವೆ. ಕೆಳಗಿನ ಛಾವಣಿಯಲ್ಲಿ ಬಿರುಕು ಕಾಣುತ್ತಿದೆ. ಕಾರಣ ತನಿಖೆಯಲ್ಲಿದೆ.’ ಜೊತೆಗೆ ಪಾಲಿಸಿ ಸಂಖ್ಯೆ, ಸ್ಥಳ, ಅಂದಾಜು ನಷ್ಟ.

ಕೊನೆಯ ವಾಕ್ಯವೇ ಮುಖ್ಯ. ‘ಜಾಕ್ ಸರಿಯಾಗಿ ಕಟ್ಟಿರಲಿಲ್ಲ’ ಎಂದು ಗಾಬರಿಯಲ್ಲಿ ಊಹಿಸಿ ಬರೆದರೆ ಅದೇ ಕ್ಲೇಮಿನ ದಿಕ್ಕನ್ನು ಬದಲಿಸಬಹುದು. ಸಾಮಾನ್ಯವಾಗಿ ಕಳಪೆ ಕೆಲಸವನ್ನು ಸರಿಪಡಿಸುವ ಖರ್ಚನ್ನು ಪಾಲಿಸಿ ಕೊಡುವುದಿಲ್ಲ. ಅದರಿಂದ ಹಾಳಾದ, ಸರಿಯಾಗಿಯೇ ಕಟ್ಟಿದ್ದ ಭಾಗಕ್ಕೆ ಕೊಡಬಹುದು. ಹಾಗೆಂದು ಗೊತ್ತಿರುವುದನ್ನು ಮುಚ್ಚಿಡುವಂತಿಲ್ಲ.

ಸೆಂಟ್ರಿಂಗ್ ಸಾಮಗ್ರಿಯ ನಷ್ಟ, ಅವಶೇಷ ತೆಗೆಯುವ ಖರ್ಚು ಎರಡನ್ನೂ ಬೇರೆಬೇರೆಯಾಗಿ ತೋರಿಸಿ. ಇವು ವಿಮಾ ಮೊತ್ತದಲ್ಲಿ ಸೇರಿರದಿದ್ದರೆ ಹಣ ಸಿಗದೇ ಹೋಗಬಹುದು.

ಅಪಾಯ ತಪ್ಪಿಸಲು ಬೇಕಾದಷ್ಟು ಆಸರೆ ಕೊಡಿ, ಮೊದಲು ಫೋಟೊ ತೆಗೆಯಿರಿ. ಬಾಗಿದ ಜಾಕ್‌ಗಳನ್ನು ಮಾತ್ರ ಸರ್ವೇಯರ್ ನೋಡುವ ಮುನ್ನ ಗುಜರಿಗೆ ಹಾಕಬೇಡಿ.