ಒಂಬತ್ತನೇ ತಿಂಗಳ ಕವಿತೆ

1938ರ ಸೆಪ್ಟೆಂಬರ್ ಕೊನೆಗೆ ಬ್ರಿಟನ್ನಿನ ಜನ ಯುದ್ಧ ಬಂದೇಬಿಟ್ಟಿತು ಎಂದುಕೊಂಡಿದ್ದರು. ಉದ್ಯಾನಗಳಲ್ಲಿ ಕಂದಕ ತೋಡಿದ್ದರು, ವಿಷಾನಿಲದಿಂದ ಕಾಯುವ ಮುಖವಾಡಗಳನ್ನು ಹಂಚಿದ್ದರು. ಮ್ಯೂನಿಕ್ ಒಪ್ಪಂದದಿಂದ ಗಂಡಾಂತರ ಸದ್ಯಕ್ಕೆ ತಪ್ಪಿತು, ಅಷ್ಟೇ. ಆಗ ವೇಲ್ಸ್‌ನ ಕಡಲಂಚಿನ ಲಾರ್ನ್ ಎಂಬ ಊರಿನಲ್ಲಿದ್ದ ಕವಿ ಡಿಲನ್ ಥಾಮಸ್‌ನ ಹೆಂಡತಿ ಕೇಟ್ಲಿನ್ ಚೊಚ್ಚಲ ಬಸುರಿ. ಅವನಿಗೆ 24 ತುಂಬುತ್ತಿದ್ದ ಆ ಅಕ್ಟೋಬರ್‌ನಲ್ಲಿ ಒಂದು ಕವಿತೆ ಬರೆದ. ‘ಎ ಸೇಂಟ್ ಅಬೌಟ್ ಟು ಫಾಲ್’ ಎಂದು ಇಂದು ನಾವು ಓದುವ ಅದು ಮೊದಲು ಪ್ರಕಟವಾದದ್ದು ‘ಒಂಬತ್ತನೇ ತಿಂಗಳ ಕವಿತೆ’ ಎಂಬರ್ಥದ ಹೆಸರಿನಲ್ಲಿ. ಬರೆದಾಗ ಇನ್ನೂ ಒಂಬತ್ತು ತುಂಬಿರಲಿಲ್ಲ. ಮಗು ಹುಟ್ಟಿದ್ದು 1939ರ ಜನವರಿ 30ರಂದು. ಹೆರಿಗೆಯ ಗಳಿಗೆಯನ್ನು ತಂದೆಯ ಮನಸ್ಸು ತಿಂಗಳುಗಳ ಮೊದಲೇ ಬದುಕಿಬಿಟ್ಟಿತ್ತು.

ಇದು ಹುಟ್ಟಲಿರುವ ಮಗುವಿಗೆ ಬರೆದದ್ದು, ಅದು ಕಾಣಲಿರುವ ಲೋಕದ ಭೀಕರತೆಯನ್ನು ಅದಕ್ಕೆ ಹೇಳುವಂಥದ್ದು ಎಂದು ಥಾಮಸ್ ತನ್ನ ಕವಿಮಿತ್ರ ವರ್ನನ್ ವಾಟ್ಕಿನ್ಸ್‌ಗೆ ಕಾಗದ ಬರೆದಿದ್ದ. ಕವಿತೆಯಲ್ಲಿ ಮಗು ಒಬ್ಬ ಸಂತ, ಬಸಿರು ಅವನ ಸ್ವರ್ಗ, ಹುಟ್ಟುವುದೆಂದರೆ ಅಲ್ಲಿಂದ ಬೀಳುವುದು. ಬೀಳುವ ಮಗುವಿಗೆ ಕಾದಿರುವುದು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದಾದ ಪಟ್ಟಣ. ಯೇಸು ಹುಟ್ಟಿದಾಗ ಬೆತ್ಲೆಹೆಮ್‌ನ ಎಳೆಯ ಗಂಡುಮಕ್ಕಳನ್ನು ಕೊಲ್ಲಿಸಿದನೆಂದು ಬೈಬಲ್ ಹೇಳುವ ಹೆರೋದ ರಾಜನನ್ನೂ ಕವಿ ನೆನೆಯುತ್ತಾನೆ. ಇಲ್ಲಿ ಹೆರೋದ ಒಬ್ಬನಲ್ಲ, ಹಲವರು. ಸ್ಪೇನ್‌ನ ಊರುಗಳ ಮೇಲೆ ಬಾಂಬು ಬೀಳುತ್ತಿದ್ದ ವರ್ಷಗಳವು. ಕೂಸುಗಳನ್ನು ಕೊಲ್ಲುವ ಅರಸರನ್ನು ಹಳೆಯ ಗ್ರಂಥದಲ್ಲೇ ಹುಡುಕಬೇಕಿರಲಿಲ್ಲ.

ಇಷ್ಟು ಹೆದರಿದ ತಂದೆ ಮಗುವಿಗೆ ಏನು ಹೇಳಿಯಾನು? ಬರಬೇಡ ಎನ್ನುವುದಿಲ್ಲ, ನಾನಿದ್ದೇನೆ ಎಂದು ಸುಳ್ಳು ಧೈರ್ಯವನ್ನೂ ಕೊಡುವುದಿಲ್ಲ. ಏಳು, ಅಪ್ಪಳಿಸು, ಎಸೆ ಎಂದು ಒಂದರ ಮೇಲೊಂದು ಅಪ್ಪಣೆ ಕೊಡುತ್ತಾನೆ. ಕೊನೆಯ ಅಪ್ಪಣೆ ಸಂತೋಷದಿಂದ ಕೂಗು ಎಂಬುದು. ಕವಿತೆಯ ಜೀವ ಇರುವುದು ಇಲ್ಲೇ ಎಂದು ನನಗನಿಸುತ್ತದೆ. ಇಂಥ ಕವಿತೆಗಳು ಸಾಮಾನ್ಯವಾಗಿ ಸೋಲುವುದು ‘ಆದರೂ’ ಎಂಬಲ್ಲಿ: ಮೊದಲು ಭಯವನ್ನೆಲ್ಲ ಹೇಳಿ, ಆಮೇಲೆ ಭರವಸೆಯಿಂದ ಅದನ್ನು ಒರೆಸಿಹಾಕುತ್ತವೆ. ಥಾಮಸ್ ಒರೆಸುವುದಿಲ್ಲ. ಸಂತೋಷಪಡು ಎನ್ನುವ ವಾಕ್ಯದಲ್ಲಿಯೇ ಸೌಮ್ಯವಾದ ಕೂಸನ್ನು ಒರಟು ಕಡಲಿಗೆ ದಬ್ಬುವ ಕ್ಷಣವಿದೆ. ಹೆಣ್ಣು ಸುತ್ತಿದ ಮೌನದ್ವೀಪದಂಥ ಬಸಿರು ಗೂಳಿಕಾಳಗದ ಅಬ್ಬರದ ಅಂಗಳವಾಗುತ್ತದೆ. ಸಂತೋಷಕ್ಕೆ ಕಾರಣವೂ ಆ ದಬ್ಬುವಿಕೆಯೇ.

ಮಗು ಗಂಡು, ಲ್ವೆಲಿನ್ ಎಂದು ಹೆಸರಿಟ್ಟರು. 1939ರ ಆಗಸ್ಟ್‌ನಲ್ಲಿ ಈ ಕವಿತೆ ‘ದಿ ಮ್ಯಾಪ್ ಆಫ್ ಲವ್’ ಪುಸ್ತಕದಲ್ಲಿ ಬಂತು, ಮುಂದಿನ ತಿಂಗಳೇ ಯುದ್ಧ ಶುರುವಾಯಿತು. ಅದೇ ಪುಸ್ತಕದ ಇನ್ನೊಂದು ಕವಿತೆಯಲ್ಲಿ ಮಾತಾಡುವುದು ಹುಟ್ಟಲಿರುವ ಮಗುವೇ: ನಾನು ಬರುವುದರಿಂದ ನಿನಗೆ ಕೂದಲೆಳೆಯಷ್ಟು ನೋವಾದರೂ ಬರುವುದೇ ಬೇಡ ಎನ್ನುತ್ತದೆ. ತಾಯಿ ಒಪ್ಪುವುದಿಲ್ಲ.